ಹರವಿ, ಒದ್ದೆ ಅರಿವಿ, ಎರಡು ಥರ್ಮಾಮೀಟರ್: ಮುಂಬಯಿಯ ಕನ್ನಡ ಶಾಲೆಯಲ್ಲಿ ಒಂದು ವಿಜ್ಞಾನದ ಪಾಠ ಮಾಡುವ ಬಗೆ

ಮುಂಬಯಿಯ ಕನ್ನಡ ಶಾಲೆಯೊಂದಕ್ಕೆ ಮೊದಲ ಸಲ ಮಾತಾಡಲು ಹೋದಾಗ ನಾನು ಇಬ್ಬನಿಯಿಂದ ಶುರುಮಾಡಿದ್ದೆ. ನಮ್ಮ ಕುಂದಾಪುರದ ಕಡೆ ಡಿಸೆಂಬರ್ ಬೆಳಗಿನಲ್ಲಿ ಗದ್ದೆಯಂಚಿನ ಹುಲ್ಲು ತುಳಿದರೆ ಪಾದ ಒದ್ದೆಯಾಗುತ್ತದಲ್ಲ, ಆ ಇಬ್ಬನಿ. ಎದುರಿಗೆ ಕೂತ ನಲವತ್ತು ಮಕ್ಕಳಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಮಕ್ಕಳು ಬೆಳೆದದ್ದು ಇಲ್ಲಿನ ಚಾಳುಗಳಲ್ಲಿ. ಹುಲ್ಲೂ ಇಲ್ಲ, ಇಬ್ಬನಿಯೂ ಇಲ್ಲ. ನಾನು ಇಪ್ಪತ್ತು ನಿಮಿಷ ‘ಬಾಷ್ಪೀಭವನ’, ‘ಸಾಂದ್ರೀಕರಣ’ ಎಂದು ಮಾತಾಡಿ ಉಸಿರು ತೆಗೆದುಕೊಳ್ಳುವಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಅರಿವಿ ಒಣಗೂದಾ ಸರ್?”

ಹೌದು, ಬಟ್ಟೆ ಒಣಗುವುದೇ. ಅಷ್ಟನ್ನು ಹೇಳಲು ನನಗೆ ಇಪ್ಪತ್ತು ನಿಮಿಷ ಬೇಕಾಗಿತ್ತು. ಆಮೇಲೆ ಬೇರೆ ಬೇರೆ ಶಾಲೆಗಳಲ್ಲಿ ಇದೇ ವಿಷಯವನ್ನು ತಿದ್ದಿ ತಿದ್ದಿ ಮಾತಾಡಿದ್ದೇನೆ. ಈಗ ಕೈಗೆ ಕೂತಿರುವ ಕ್ರಮವನ್ನು, ಇಂಥ ಶಾಲೆಗೆ ಹೋಗಲಿರುವ ಸಂಶೋಧಕ ಗೆಳೆಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಒಂದೇ: ನೀರು ಆರುವಾಗ ತಂಪು ಏಕೆ ಹುಟ್ಟುತ್ತದೆ, ಮತ್ತು ಆ ತಂಪು ಮುಂಬಯಿಯಲ್ಲಿ ಏಕೆ ಕೈಕೊಡುತ್ತದೆ.

## ಹೋಗುವ ಮೊದಲು

ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಕನ್ನಡ ಸಂಘಸಂಸ್ಥೆಗಳ ಶಾಲೆಗಳು ಬೇರೆ ಇವೆ. ಎಲ್ಲ ಕಡೆಯೂ ಪಠ್ಯ ಮಾತ್ರ ಕರ್ನಾಟಕದ್ದಲ್ಲ, ಪುಣೆಯ ಬಾಲಭಾರತಿ ತರುವ ಮಹಾರಾಷ್ಟ್ರದ ಪಠ್ಯದ ಕನ್ನಡ ಆವೃತ್ತಿ. ಬೆಂಗಳೂರಿನ ಪುಸ್ತಕದ ಪದಗಳನ್ನು ನಂಬಿಕೊಂಡು ಹೋಗಬೇಡಿ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಉಷ್ಣದ ಪಾಠವಿದೆ. ಗುಪ್ತ ಉಷ್ಣ, ಇಬ್ಬನಿ ಬಿಂದು, ಆರ್ದ್ರತೆ ಎಲ್ಲ ಅಲ್ಲೇ ಬರುತ್ತವೆ. ವಿಜ್ಞಾನದ ಟೀಚರ್ ಹತ್ತಿರ ಆ ಪುಟಗಳ ಫೋಟೋ ತರಿಸಿಕೊಂಡು, ಅಲ್ಲಿ ಯಾವ ಪದ ಅಚ್ಚಾಗಿದೆಯೋ ಅದನ್ನೇ ಬೋರ್ಡಿನ ಮೇಲೆ ಬರೆಯಿರಿ. ಪರೀಕ್ಷೆ ಬರೆಯುವವರು ಅವರು, ನಾವಲ್ಲ.

ಟೀಚರಿಗೆ ಇನ್ನು ಮೂರು ಪ್ರಶ್ನೆ ಕೇಳಿ. ಮಕ್ಕಳು ಮನೆಯಲ್ಲಿ ಆಡುವುದು ಯಾವ ಮಾತು? ಕಲಬುರಗಿ ಕನ್ನಡ, ತುಳು, ಲಂಬಾಣಿ ಮೂರೂ ಒಂದೇ ಕ್ಲಾಸಿನಲ್ಲಿ ಇರಬಹುದು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಎಷ್ಟು ಜನ? ಕ್ಲಾಸಿನ ಫ್ಯಾನು ತಿರುಗುತ್ತದೆಯೇ? ಮೂರನೆಯದು ತಮಾಷೆಗೆ ಕೇಳಿದ್ದಲ್ಲ, ಪ್ರಯೋಗ ನಿಂತಿರುವುದೇ ಅದರ ಮೇಲೆ.

ಮಾತು ಶುರುವಾಗುವುದಕ್ಕೆ ಒಂದು ತಾಸು ಮೊದಲೇ ಹೋಗಿ ಶಾಲೆಯ ಸುತ್ತ ಒಂದು ಸುತ್ತು ಹಾಕಿ. ಉದಾಹರಣೆಗಳು ಅಲ್ಲೇ ಬಿದ್ದಿರುತ್ತವೆ. ನನಗೆ ಸಿಕ್ಕಿದ್ದು ಇವು: ಕಿಟಕಿಯ ಸರಳಿಗೆ ನೇತುಬಿದ್ದು ಮೂರು ದಿನವಾದರೂ ಆರದ ಯೂನಿಫಾರ್ಮು, ಬ್ಯಾಂಕಿನ ಎಸಿಯಿಂದ ಫುಟ್‌ಪಾತಿಗೆ ತೊಟ್ಟಿಕ್ಕುವ ನೀರು, ವಡಾಪಾವ್ ಗಾಡಿಯವನ ಡಬ್ಬಿಯಲ್ಲಿ ನೀರೊಡೆದ ಉಪ್ಪು, ಕುಂಬಾರ ಪೇರಿಸಿಟ್ಟ ಮಡಿಕೆಗಳು. ಮಡಿಕೆಯನ್ನು ಇಲ್ಲಿಯವರು ಮಾಠ ಎನ್ನುತ್ತಾರೆ, ಮಕ್ಕಳ ಅಜ್ಜಿ ಹರವಿ ಎನ್ನುತ್ತಾಳೆ. ಕ್ಲಾಸಿನಲ್ಲಿ ನೀವೂ ಹರವಿ ಎನ್ನಿ.

ಒಂದು ಎಚ್ಚರಿಕೆ. “ಯಾರ ಮನೇಲಿ ಫ್ರಿಜ್ ಇದೆ, ಕೈ ಎತ್ತಿ” ಎಂದು ಕೇಳಬೇಡಿ. ನಾನು ಕೇಳಿದ್ದೇನೆ. ಎತ್ತಿದವರಿಗಿಂತ ಎತ್ತದವರ ಮುಖ ನೋಡಲು ಕಷ್ಟವಾಯಿತು. ಎಸಿಯ ನೀರು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಅದನ್ನು ಕೇಳಿ.

## ಚೀಲದಲ್ಲಿ ಏನಿರಬೇಕು

ಪ್ರಯೋಗಾಲಯದ ಎರಡು ಥರ್ಮಾಮೀಟರು, ಒಳಗೆ ಕೆಂಪು ದ್ರವ ಇರುವಂಥವು. ಪಾದರಸದ್ದು ಬೇಡ, ಒಡೆದರೆ ತಲೆನೋವು. ಜ್ವರ ನೋಡುವ ಥರ್ಮಾಮೀಟರೂ ಆಗುವುದಿಲ್ಲ, ಅದರ ಅಳತೆ ಶುರುವಾಗುವುದೇ 35 ಡಿಗ್ರಿಯ ಆಸುಪಾಸಿನಲ್ಲಿ. ಹಿಂದಿನ ರಾತ್ರಿ ಎರಡನ್ನೂ ಒಂದೇ ಲೋಟದ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಓದಿ. ಅಗ್ಗದ ಥರ್ಮಾಮೀಟರುಗಳು ಒಂದಕ್ಕೊಂದು ಒಂದು ಡಿಗ್ರಿ ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ. ಈ ಅಂತರವನ್ನು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳದಿದ್ದರೆ ಮಳೆಗಾಲದಲ್ಲಿ ನಿಮ್ಮ ಇಡೀ ಪ್ರಯೋಗವನ್ನು ಅದೇ ನುಂಗುತ್ತದೆ.

ಹಳೆಯ ಪಂಚೆಯ ಒಂದು ತುಂಡು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಬೇಕು. ಅದನ್ನು ಒಂದು ಥರ್ಮಾಮೀಟರಿನ ಬುರುಡೆಗೆ ಒಂದೇ ಸುತ್ತು ಸುತ್ತಿ ದಾರ ಕಟ್ಟಿ. ದಪ್ಪಗೆ ಸುತ್ತಿದರೆ ಒಳಗಿನ ನೀರು ತಣಿಯಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹಿಂದಿನ ಬೆಂಚಿನವರು ಬೇರೆ ಲೋಕದಲ್ಲಿರುತ್ತಾರೆ.

ಜೊತೆಗೆ ಒಂದು ಸಣ್ಣ ಬಾಟಲಿ ಕೈಗೆ ಹಾಕುವ ಸ್ಯಾನಿಟೈಸರ್, ಒಂದು ಸ್ಟೀಲ್ ಲೋಟ, ಒಂದಿಷ್ಟು ಐಸ್, ಒಂದು ಪೊಟ್ಟಣ ಕೆಂಪು ಶರಬತ್ತಿನ ಪುಡಿ. ಸ್ಯಾನಿಟೈಸರ್‌ಗೆ ಬೆಂಕಿ ಹತ್ತುತ್ತದೆ. ಅದು ಮೇಜಿನ ಮೇಲಿರುವಾಗ ದೀಪ, ಊದುಬತ್ತಿ ಯಾವುದೂ ಹತ್ತಿರ ಬೇಡ. ಅತಿಥಿ ಬಂದರೆಂದು ಸರಸ್ವತಿ ಫೋಟೋದ ಮುಂದೆ ದೀಪ ಹಚ್ಚಿರುವ ಶಾಲೆಗಳೇ ಹೆಚ್ಚು.

## ಮೊದಲ ಐದು ನಿಮಿಷ: ಹರವಿಯ ಪ್ರಶ್ನೆ

ಪೀರಿಯಡ್ಡು ಮೂವತ್ತೈದು ನಿಮಿಷದ್ದು, ಅದರಲ್ಲಿ ಸ್ವಾಗತ, ಹೂಗುಚ್ಛ ಎಂದು ಐದು ನಿಮಿಷ ಹೋಗುತ್ತದೆ. ನಿಮ್ಮ ಸಂಸ್ಥೆಯ ಬಗ್ಗೆ ಹೇಳಬೇಡಿ. ನೇರವಾಗಿ ಹೀಗೆ ಕೇಳಿ: “ರಜೆಯಲ್ಲಿ ಊರಿಗೆ ಹೋದಾಗ ಹರವಿ ನೀರು ಕುಡಿದೀರಲ್ಲ, ಹೆಂಗಿತ್ತು? ಅಂಥದೇ ಹರವಿ ಇಲ್ಲಿ ಇಟ್ಟರೆ ನೀರು ಅಷ್ಟು ತಣ್ಣಗಾಗುತ್ತದೆಯೇ?”

ಇಲ್ಲಿ ಕ್ಲಾಸು ತಾನಾಗಿ ಎರಡು ಪಾಲಾಗುತ್ತದೆ. ಊರಿನ ಹರವಿ ನೀರು ಹಲ್ಲು ಜುಂ ಎನ್ನುವಷ್ಟು ತಂಪು ಎಂದು ಊರಿಗೆ ಹೋದವರು ಆಣೆ ಮಾಡಿ ಹೇಳುತ್ತಾರೆ. ಇಲ್ಲಿಯದು ಅಷ್ಟಕ್ಕಷ್ಟೇ ಎಂಬುದೂ ಅವರಿಗೆ ಗೊತ್ತು. ಏಕೆ ಎಂದರೆ ಉತ್ತರಗಳು ಬೀಳುತ್ತವೆ: ಊರ ಮಣ್ಣು ಬೇರೆ, ಊರ ನೀರು ಬೇರೆ, ಇಲ್ಲಿ ಮನೆ ಸಣ್ಣದು. ಎಲ್ಲವನ್ನೂ ಬೋರ್ಡಿನ ಮೂಲೆಯಲ್ಲಿ ಬರೆಯಿರಿ, ಯಾವುದನ್ನೂ ತಪ್ಪೆನ್ನಬೇಡಿ. ಒಮ್ಮೆ ಒಬ್ಬ ಹುಡುಗ ಕೂಲರಿನ ಮಾತು ತೆಗೆದ. ಊರಲ್ಲಿ ಚಿಕ್ಕಪ್ಪನ ಮನೆಯ ಕೂಲರ್ ಭರ್ಜರಿ ತಂಪು ಮಾಡುತ್ತದೆಯಂತೆ, ಅದನ್ನೇ ಇಲ್ಲಿಗೆ ತಂದರೆ ಮನೆಯೆಲ್ಲ ಚಿಪಿಚಿಪಿ ಆಯಿತಂತೆ. ನನಗೆ ಕುಣಿಯಬೇಕೆನಿಸಿತು. ಕೂಲರ್ ಎಂದರೆ ಫ್ಯಾನು ಹಚ್ಚಿದ ಹರವಿಯೇ ಅಲ್ಲವೇ? ಕರಾವಳಿಯವನಾದ ನನಗೆ ಈ ಉದಾಹರಣೆ ತಾನಾಗಿ ಹೊಳೆಯುತ್ತಿರಲಿಲ್ಲ.

## ಆಮೇಲೆ ಥರ್ಮಾಮೀಟರ್

ಎರಡನ್ನೂ ಫ್ಯಾನಿನ ಕೆಳಗೆ, ಬಿಸಿಲು ಬೀಳದ ಕಡೆ ಒಂದು ಸ್ಟೂಲಿಗೆ ಕಟ್ಟಿ. ಬಟ್ಟೆಯದಕ್ಕೆ ಇನ್ನೂ ನೀರು ಹಾಕಬೇಡಿ. ಫ್ಯಾನು ಹಾಕುವ ಮುನ್ನ ಕೇಳಿ: ಫ್ಯಾನು ಹಾಕಿದರೆ ಓದು ಇಳಿಯುತ್ತದೆಯೇ? ಎಲ್ಲರೂ ಇಳಿಯುತ್ತದೆ ಎನ್ನುತ್ತಾರೆ. ಒಂದು ಶಾಲೆಯಲ್ಲಿ ಟೀಚರ್ ಕೂಡ ಕೈ ಎತ್ತಿದ್ದರು. ಫ್ಯಾನು ಹಾಕಿ ಎರಡು ನಿಮಿಷ ಕಾಯಿರಿ. ಎರಡೂ ಕದಲುವುದಿಲ್ಲ. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಬರೀ ದೂಡುತ್ತದೆ. ಇದನ್ನು ನೀವು ಹೇಳಬೇಕಿಲ್ಲ, ಕೆಂಪು ಗೆರೆ ಹೇಳುತ್ತದೆ.

ಈಗ ಬಟ್ಟೆಗೆ ನೀರು ಹಾಕಿ. ನೀರು ಬೆಳಗಿನಿಂದ ಅದೇ ಕೋಣೆಯಲ್ಲಿ ಇಟ್ಟದ್ದಾಗಿರಬೇಕು. ಶಾಲೆಯ ಕುಡಿಯುವ ನೀರಿನ ಕೂಲರಿನಿಂದ ತಂದು ಹಾಕಿದರೆ “ನೀರೇ ತಣ್ಣಗಿತ್ತು ಸರ್” ಎಂಬ ಮಾತು ಬಂದೇ ಬರುತ್ತದೆ, ಅದು ನ್ಯಾಯವಾದ ಮಾತು ಕೂಡ. ನಾಲ್ಕೈದು ನಿಮಿಷದಲ್ಲಿ ಒದ್ದೆ ಥರ್ಮಾಮೀಟರ್ ಇಳಿದು ಒಂದು ಕಡೆ ನಿಲ್ಲುತ್ತದೆ. ಓದಲು ಮಕ್ಕಳನ್ನೇ ಕರೆಯಿರಿ, ಆದರೆ ಉಸಿರು ತಾಗುವಷ್ಟು ಹತ್ತಿರ ಬಿಡಬೇಡಿ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಮಗೆ ಒಣ ಓದು 32, ಒದ್ದೆ ಓದು 25 ಸಿಕ್ಕಿತ್ತು. ಆರ್ದ್ರತೆಯ ಕೋಷ್ಟಕದಲ್ಲಿ ನೋಡಿದರೆ ಇದು ಸುಮಾರು ಶೇ. 57, ಅಂದರೆ ಆ ಬಿಸಿಯಲ್ಲಿ ಗಾಳಿಯಲ್ಲಿ ಇರಬಹುದಾದ ಅತಿ ಹೆಚ್ಚು ನೀರಾವಿಯ ನೂರಕ್ಕೆ 57 ಪಾಲು. ಜುಲೈಯಲ್ಲಿ ಇನ್ನೊಂದು ಶಾಲೆಯಲ್ಲಿ 30 ಮತ್ತು 27, ಅಂದರೆ ಸುಮಾರು ಶೇ. 79. ಕಲಬುರಗಿಯ ಮೇ ತಿಂಗಳಲ್ಲಿ ಒಣ ಓದು 40, ಒದ್ದೆ ಓದು 22 ಆದರೆ ಆರ್ದ್ರತೆ ಶೇ. 20ರಷ್ಟೇ. ಈ ಮೂರು ಸಾಲು ಬೋರ್ಡಿನ ಮೇಲೆ ಬರೆದು ಕೇಳಿ: ಎಲ್ಲಿ ಅಂತರ ಹೆಚ್ಚು? ಹದಿನೆಂಟು ಡಿಗ್ರಿಯ ಅಂತರ ಇರುವ ಊರಿನಲ್ಲಿ ಹರವಿ ತಣ್ಣಗಾಗುತ್ತದೆ, ಮೂರು ಡಿಗ್ರಿಯ ಊರಿನಲ್ಲಿ ಇಲ್ಲ. ಬರೀ ಆರುವಿಕೆಯಿಂದ ಹರವಿಯ ನೀರು ಒದ್ದೆ ಓದಿಗಿಂತ ಕೆಳಗೆ ಇಳಿಯಲಾರದು. ಊರಲ್ಲಾಗಲಿ ಇಲ್ಲಾಗಲಿ ಅದೇ ಅದರ ನೆಲ. ಮೂಲೆಯಲ್ಲಿ ಬರೆದ ‘ಊರ ಮಣ್ಣು ಬೇರೆ’ ಎಂಬುದನ್ನು ಈಗ ಒಬ್ಬ ಹುಡುಗನೇ ಎದ್ದು ಬಂದು ಅಳಿಸುತ್ತಾನೆ.

ಭಾಷೆಯಲ್ಲೇ ಈ ಭೌತವಿಜ್ಞಾನ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಬಯಲುಸೀಮೆಯ ಒಣ ಬಿಸಿಗೆ ಝಳ ಎನ್ನುತ್ತೇವೆ, ಬೆವರು ಆರದ ಬಿಸಿಗೆ ಸೆಕೆ. ಮರಾಠಿಯಲ್ಲಿ ಅದೇ ಉಕಾಡಾ, ಅಂಥ ಹವೆ ದಮಟ್. ಮಕ್ಕಳಿಗೆ ನಾಲ್ಕೂ ಗೊತ್ತು. ‘ಆರ್ದ್ರತೆ’ಯನ್ನು ಇವುಗಳ ಪಕ್ಕದಲ್ಲಿ ಬರೆದರೆ ಸಾಕು. ಪದ ಮೊದಲು ಬಂದರೆ ಬಾಯಿಪಾಠವಾಗುತ್ತದೆ, ವಸ್ತುವಿನ ನಂತರ ಬಂದರೆ ಹೆಸರಾಗುತ್ತದೆ.

## ಲೋಕಲ್ ಟ್ರೇನಿನ ಹೋಲಿಕೆ, ಅದು ಮುರಿಯುವ ಜಾಗ

“ಏಕೆ?” ಎಂಬ ಪ್ರಶ್ನೆಗೆ ನಾನು ಮೊದಮೊದಲು ಕೊಡುತ್ತಿದ್ದ ಉತ್ತರ ಹೀಗಿತ್ತು: ಸಂಜೆ ಆರರ ವಿರಾರ್ ಲೋಕಲ್ ದಾದರಿಗೆ ಬರುವಾಗಲೇ ತುಂಬಿರುತ್ತದೆ, ನೀವು ಹತ್ತಲಾರಿರಿ. ಹಾಗೆಯೇ ಮುಂಬಯಿಯ ಗಾಳಿ ನೀರಿನಿಂದ ತುಂಬಿದೆ, ಹೊಸ ನೀರಿಗೆ ಜಾಗವಿಲ್ಲ. ಮಕ್ಕಳು ನಗುತ್ತಿದ್ದರು, ತಕ್ಷಣ ಒಪ್ಪುತ್ತಿದ್ದರು. ನಾನೂ ಬೀಗುತ್ತಿದ್ದೆ.

ಆದರೆ ಇದು ತಪ್ಪು. ಗಾಳಿ ನೀರನ್ನು ತುಂಬಿಸಿಕೊಳ್ಳುವ ಡಬ್ಬಿಯಲ್ಲ. ಮಳೆಗಾಲದ ಗಾಳಿಯಲ್ಲೂ ನೂರಕ್ಕೆ ಮೂರ್ನಾಲ್ಕು ಕಣ ನೀರಿನವು, ಮಿಕ್ಕದ್ದೆಲ್ಲ ಬೇರೆ ಅನಿಲ, ಅವುಗಳ ನಡುವೆ ಬೇಕಾದಷ್ಟು ಖಾಲಿ. ಇದನ್ನು ತೋರಿಸಿಕೊಟ್ಟದ್ದು ಸ್ಯಾನಿಟೈಸರ್. ಜುಲೈಯ ಅದೇ ಕ್ಲಾಸಿನಲ್ಲಿ ಮಕ್ಕಳ ಒಂದು ಕೈಗೆ ನೀರು, ಇನ್ನೊಂದಕ್ಕೆ ಸ್ಯಾನಿಟೈಸರ್ ಹಚ್ಚಿ ಫ್ಯಾನಿನ ಕೆಳಗೆ ನಿಲ್ಲಿಸಿ. ಸ್ಯಾನಿಟೈಸರ್ ಹಚ್ಚಿದ ಕೈ ಹಿಮದಂತೆ ತಣ್ಣಗಾಗುತ್ತದೆ, ಬೇಗ ಆರುತ್ತದೆ. ಗಾಳಿ ನಿಜಕ್ಕೂ ತುಂಬಿದ್ದರೆ ಸ್ಯಾನಿಟೈಸರಿನೊಳಗಿನ ಸ್ಪಿರಿಟ್ ಎಲ್ಲಿಗೆ ಹೋಯಿತು? ಒಬ್ಬಳು ಹುಡುಗಿ ಇದನ್ನು ಕೇಳಿದ ದಿನದಿಂದ ನಾನು ವಿರಾರ್ ಲೋಕಲ್ ಬಿಟ್ಟೆ.

ಈಗ ಹೇಳುವುದು ದಾದರ್ ಸ್ಟೇಷನ್ನಿನ ಕಥೆ. ಟ್ರೇನು ಎಂದರೆ ಒದ್ದೆ ಬಟ್ಟೆ, ಪ್ಲಾಟ್‌ಫಾರ್ಮ್ ಎಂದರೆ ಗಾಳಿ. ಟ್ರೇನಿನಿಂದ ಸದಾ ಜನ ಇಳಿಯುತ್ತಾರೆ, ಪ್ಲಾಟ್‌ಫಾರ್ಮಿನಿಂದ ಸದಾ ಜನ ಹತ್ತುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ ಇದ್ದರೆ ಹತ್ತುವವರು ಕಡಿಮೆ, ಟ್ರೇನು ಬೇಗ ಖಾಲಿ. ಅದು ಕಲಬುರಗಿ. ಪ್ಲಾಟ್‌ಫಾರ್ಮಿನಲ್ಲಿ ಜನ ಗಿಜಿಗುಡುತ್ತಿದ್ದರೆ ಹೆಚ್ಚುಕಡಿಮೆ ಇಳಿದಷ್ಟೇ ಜನ ಹತ್ತುತ್ತಾರೆ, ಟ್ರೇನು ಬೇಗ ಖಾಲಿಯಾಗುವುದೇ ಇಲ್ಲ. ಅದು ಜುಲೈಯ ಮುಂಬಯಿ. ಸ್ಪಿರಿಟ್ ಎಂಬ ಟ್ರೇನು ಬಂದರೆ? ಅದರ ಪ್ರಯಾಣಿಕರು ಇಳಿಯುತ್ತಾರೆ, ಹತ್ತುವ ಸ್ಪಿರಿಟ್ ಪ್ರಯಾಣಿಕರು ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೂ ಇಲ್ಲ. ಆರುವುದು ಎಂದರೆ ಹೋಗುವುದಲ್ಲ, ಹೋದವರು ಬಂದವರಿಗಿಂತ ಹೆಚ್ಚಾಗುವುದು. ಫ್ಯಾನಿನ ಕೆಲಸವೂ ಇಲ್ಲೇ ತಿಳಿಯುತ್ತದೆ: ಬಟ್ಟೆಯ ಹತ್ತಿರ ನಿಂತ ಗುಂಪನ್ನು ದೂರ ದೂಡುವುದು.

ತಂಪು ಎಲ್ಲಿಂದ ಬಂತು ಎಂಬುದಕ್ಕೆ ಇದೇ ಕಥೆ ಸಾಕು. ಇಳಿಯುವವರು ಅತಿ ಚುರುಕಾದವರು, ಗುಂಪು ಸೀಳಿ ಹೊರಬರುವವರು. ಉಳಿದವರು ನಿಧಾನದವರು. ಚುರುಕು ಕಮ್ಮಿಯಾದ ಗುಂಪಿಗೆ ನಾವು ತಣ್ಣಗೆ ಎನ್ನುತ್ತೇವೆ. ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಿ. ಟಿಕೆಟ್, ಟಿಸಿ ಎಂದು ಎಳೆದರೆ ಮಕ್ಕಳು ಟ್ರೇನನ್ನು ನೆನಪಿಟ್ಟುಕೊಳ್ಳುತ್ತಾರೆ, ನೀರನ್ನು ಮರೆಯುತ್ತಾರೆ.

## ಒಂದೇ ಒಂದು ಲೆಕ್ಕ

ಒಂಬತ್ತು, ಹತ್ತನೇ ತರಗತಿಯಾದರೆ ಒಂದು ಲೆಕ್ಕ ಮಾಡಿಸಿ, ಎರಡು ಬೇಡ. ಹರವಿಯಲ್ಲಿ 10 ಲೀಟರ್ ನೀರು, ಅಂದರೆ 10,000 ಗ್ರಾಂ. ಹತ್ತು ಡಿಗ್ರಿ ಇಳಿಯಲು ಅದು 1,00,000 ಕ್ಯಾಲೊರಿ ಕಳೆದುಕೊಳ್ಳಬೇಕು. ಒಂದು ಗ್ರಾಂ ನೀರು ಮೂವತ್ತು ಡಿಗ್ರಿಯ ಸುಮಾರಿಗೆ ಆರಿ ಹೋಗುವಾಗ ಹೆಚ್ಚುಕಡಿಮೆ 580 ಕ್ಯಾಲೊರಿ ಒಯ್ಯುತ್ತದೆ. ಭಾಗಿಸಿದರೆ 172 ಗ್ರಾಂ. ಅಂದರೆ ಒಂದು ಲೋಟ. ಹರವಿಯ ಮೈಯಿಂದ ಒಂದು ಲೋಟ ನೀರು ಒಸರಿ ಆರಿ ಹೋದರೆ ಉಳಿದದ್ದು ಹತ್ತು ಡಿಗ್ರಿ ತಣ್ಣಗಾಗುತ್ತದೆ.

ಪುಸ್ತಕದಲ್ಲಿ 540 ಇದೆಯಲ್ಲ ಎಂದು ಯಾರಾದರೂ ಕೇಳುತ್ತಾರೆ, ಸಾಮಾನ್ಯವಾಗಿ ಮೊದಲ ಬೆಂಚಿನವರು. ಅದು ನೂರು ಡಿಗ್ರಿಯಲ್ಲಿ ಕುದಿಯುವ ನೀರಿಗೆ. ತಣ್ಣನೆಯ ನೀರಿನಿಂದ ಕಣಗಳನ್ನು ಬಿಡಿಸಲು ಸ್ವಲ್ಪ ಹೆಚ್ಚು ಬೇಕು. ಇನ್ನೊಂದು ಮಾತನ್ನೂ ಸೇರಿಸಿ: ಹೊರಗಿನ ಬಿಸಿ ಅಷ್ಟು ಹೊತ್ತೂ ಒಳಗೆ ನುಗ್ಗುತ್ತಲೇ ಇರುತ್ತದೆ, ಆದ್ದರಿಂದ ನಿಜದಲ್ಲಿ ಒಂದು ಲೋಟಕ್ಕಿಂತ ಹೆಚ್ಚೇ ಹೋಗುತ್ತದೆ. ಹರವಿಗೆ ಒಳಗೆ ಹೊರಗೆ ಪೇಂಟ್ ಬಳಿದರೆ ಆ ಒಂದು ಲೋಟವೂ ಹೊರಗೆ ಬರುವುದಿಲ್ಲ, ಅದು ಬರೀ ಅಂದದ ಪಾತ್ರೆ.

## ಕೆಡುವುದು ಎಲ್ಲಿ

ಜಡಿಮಳೆಯ ದಿನ ಎರಡು ಥರ್ಮಾಮೀಟರಿನ ಅಂತರ ಒಂದೇ ಡಿಗ್ರಿಗೆ ಇಳಿಯುತ್ತದೆ, ನಿಮ್ಮ ಅಳತೆಯ ಗೆರೆಯೂ ಅಷ್ಟೇ. ಕೆಲಸ ಮಾಡಲಿಲ್ಲ ಎಂದು ಮುಖ ಸಣ್ಣ ಮಾಡಬೇಡಿ. ಅಂತರ ಇಲ್ಲದಿರುವುದೇ ಆ ದಿನದ ಫಲಿತಾಂಶ, ಕಿಟಕಿಯ ಯೂನಿಫಾರ್ಮು ಅದಕ್ಕೆ ಸಾಕ್ಷಿ. ಸ್ಯಾನಿಟೈಸರನ್ನು ಅಂಥ ದಿನ ಮೊದಲು ತೆಗೆಯಿರಿ. ಕರೆಂಟು ಹೋದರೆ ರಟ್ಟಿನಿಂದ ಬೀಸಿಸಿ, ಪಾಳಿಯ ಮೇಲೆ ಇಬ್ಬರು ಹುಡುಗರು.

ಎಲ್ಲ ಋತುವಿನಲ್ಲೂ ಕೆಡುವುದು ಲೋಟದ ಹೊರಗಿನ ಹನಿಗಳ ಪ್ರಶ್ನೆ. ಎಸಿಯ ನೀರು ಗಾಳಿಯಿಂದ ಬಂದದ್ದು ಎಂದು ತೋರಿಸಲು ನಾನು ಐಸ್ ಹಾಕಿದ ಸ್ಟೀಲ್ ಲೋಟ ಇಡುತ್ತೇನೆ. ಹೊರಗೆ ಹನಿ ಕೂಡುತ್ತದೆ. ಲೋಟ ಸೋರುತ್ತಿದೆ ಎಂದು ಅರ್ಧ ಕ್ಲಾಸು ಹೇಳುತ್ತದೆ, ಹೇಳದ ಇನ್ನರ್ಧವೂ ಹಾಗೇ ಅಂದುಕೊಳ್ಳುತ್ತದೆ. ಹರವಿಯ ಮೈ ಒಸರುವುದನ್ನು ಈಗಷ್ಟೇ ನೀವೇ ಹೇಳಿದ್ದೀರಿ, ಅವರ ತಪ್ಪೇನು? ಶರಬತ್ತಿನ ಪುಡಿ ಅದಕ್ಕೇ. ಒಳಗೆ ಕೆಂಪು ನೀರು, ಹೊರಗಿನ ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿದರೆ ಬಣ್ಣವಿಲ್ಲ. ಪ್ರಯೋಗ ಮುಗಿದ ಮೇಲೆ ಶರಬತ್ತು ಯಾರ ಪಾಲು ಎಂಬ ಜಗಳವನ್ನು ಟೀಚರಿಗೆ ಬಿಡಿ.

ಉಪ್ಪಿನ ವಿಷಯ ಯಾರಾದರೂ ಕೇಳಿದರೆ ಹೇಳಿ, ಇಲ್ಲದಿದ್ದರೆ ಬಿಡಿ: ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದಾಗ ನೀರೆಳೆದುಕೊಂಡು ಕರಗತೊಡಗುತ್ತದೆ. ಜುಲೈಯ 79 ಅದಕ್ಕಿಂತ ಮೇಲೆ, ಮಾರ್ಚಿನ 57 ಕೆಳಗೆ. ಮನೆಯ ಉಪ್ಪಿನ ಡಬ್ಬಿಯೂ ಒಂದು ಒರಟು ಮಾಪಕ.

## ಹೊರಡುವಾಗ

ಥರ್ಮಾಮೀಟರುಗಳನ್ನು ವಾಪಸು ತರಬೇಡಿ. ಶಾಲೆಯಲ್ಲೇ ಬಿಟ್ಟು ಗೋಡೆಗೆ ಒಂದು ಹಾಳೆ ಅಂಟಿಸಿ: ದಿನ, ಹೊತ್ತು, ಒಣ ಓದು, ಒದ್ದೆ ಓದು, ಅಂತರ. ವಾರಕ್ಕೊಬ್ಬರು ಬರೆಯಲಿ. ನಾನು ಒಂದು ಶಾಲೆಯಲ್ಲಿ, ಟೀಚರ್ ಒಪ್ಪಿದ್ದರಿಂದ, ಆ ಜೋಡಿಯನ್ನು ಮೇ ರಜೆಗೆ ಊರಿಗೆ ಹೊರಟಿದ್ದ ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿ ಇಟ್ಟುಕೊಂಡು ಹೋದಳು. ಹದಿನೈದು ದಿನಕ್ಕೆ ಟೀಚರ ಫೋನಿಗೆ ಒಂದು ಚೀಟಿಯ ಫೋಟೋ ಬಂತು: ಒಣ 41, ಒದ್ದೆ 23, ಹರವಿ ನೀರು 27.

ಕೆಳಗೆ ಬರೆದಿದ್ದಳು: “ಹರವಿ 23ಕ್ಕ ಯಾಕ ಇಳಿಲಿಲ್ಲ ಸರ್?”

ಹರವಿ ಎಲ್ಲಿಟ್ಟಿದ್ದೀ ಎಂದು ಕೇಳಿಸಿದೆ. ಅಡುಗೆಮನೆಯ ಮೂಲೆಯಲ್ಲಿ, ಗಾಳಿಯಾಡದ ಕಡೆ. ಒಲೆಯಿಂದ ದೂರ, ಬೇವಿನ ಮರದ ನೆರಳಿಗೆ ಇಡು, ಹೊರಮೈಗೆ ಒದ್ದೆ ಗೋಣಿಚೀಲ ಸುತ್ತಿ ನೋಡು ಎಂದೆ. ಎರಡು ದಿನ ಬಿಟ್ಟು ಇನ್ನೊಂದು ಚೀಟಿ ಬಂತು. ಅದರಲ್ಲಿ ಪ್ರಶ್ನೆ ಇರಲಿಲ್ಲ, 25 ಎಂದಷ್ಟೇ ಇತ್ತು.